ನೋಟಿಸು ಕೊಟ್ಟದ್ದು ಯಾವತ್ತು?

2024ರ ನವೆಂಬರ್‌ನ ಒಂದು ಮಧ್ಯಾಹ್ನ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಹಾಸನದ ಎಟಿಎಮ್ಮಿನ ಬಾಗಿಲಲ್ಲಿ ನಿಂತು ನನಗೆ ಫೋನು ಮಾಡಿದಳು. “ಅಣ್ಣಾ, ಗೃಹಲಕ್ಷ್ಮಿ ದುಡ್ಡು ಬಂದೈತೆ ಅಂತ ಮೆಸೇಜ್ ಐತೆ. ಎರಡು ಸಾವಿರ ಒತ್ತಿದರೆ ಮಿಷನ್ನು ಕೊಡ್ತಿಲ್ಲ.” ಸಾವಿರದ ಏಳುನೂರು ಒತ್ತಿ ನೋಡು ಅಂದೆ. ಬಂತು. ಖಾತೆಗೆ ಎರಡು ಸಾವಿರ ಜಮಾ ಆದ ಗಳಿಗೆಯಲ್ಲೇ ಅದರಿಂದ 337 ರೂಪಾಯಿ ಕಾಣೆಯಾಗಿತ್ತು. ಮಾರನೆಯ ದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗ ಗೊತ್ತಾಯಿತು, ಹೋಗಿದ್ದು ಅದೊಂದೇ ಅಲ್ಲ. ಸೆಪ್ಟೆಂಬರ್‌ನಲ್ಲಿ 295, ಅಕ್ಟೋಬರ್‌ನಲ್ಲಿ 315 ಕೂಡ ಹೋಗಿತ್ತು. ಒಟ್ಟು 947 ರೂಪಾಯಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ.

ಆಕೆ ನಮ್ಮೂರು ಮೊಸಳೆಯಿಂದ ದಿನಾ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿ ಹಾಸನದ ಕಡೆಗೆ ಹೋಗುತ್ತಿದ್ದವಳು. ಬಟ್ಟೆ ಹೊಲಿಯುವ ಕೆಲಸ. ಕೆಲಸಕ್ಕೆ ಸೇರಿದ ವಾರವೇ ಬ್ಯಾಂಕಿನವರು ಕಾರ್ಖಾನೆಯ ಊಟದ ಹಾಲಿಗೆ ಬಂದು, ಫಾರಮ್ಮುಗಳ ಕಂತೆ ಹರವಿ, ಎಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿತ್ತೋ ಅಲ್ಲೆಲ್ಲ ಸಹಿ ಮಾಡಿಸಿಕೊಂಡು ಹೋಗಿದ್ದರು. ಅದು ಸಂಬಳದ ಖಾತೆ. ಅದರಲ್ಲಿ ಸೊನ್ನೆ ರೂಪಾಯಿ ಇದ್ದರೂ ನಡೆಯುತ್ತದೆ ಎಂದು ಅವರೇ ಹೇಳಿದ್ದರು. ಮಗುವನ್ನು ನೋಡಿಕೊಳ್ಳುವವರಿಲ್ಲದೆ 2024ರ ಮಾರ್ಚ್‌ನಲ್ಲಿ ಆಕೆ ಕೆಲಸ ಬಿಟ್ಟಳು. ಕೊನೆಯ ಸಂಬಳ ಏಪ್ರಿಲ್ ಮೊದಲ ವಾರ ಬಂತು. ಕಾರ್ಖಾನೆಯವರು ಗುರುತಿನ ಚೀಟಿ ವಾಪಸು ತೆಗೆದುಕೊಂಡರು. ಖಾತೆಯ ವಿಷಯ ಯಾರೂ ಎತ್ತಲಿಲ್ಲ.

ಆ ಖಾತೆಯನ್ನು ಆಕೆ ಯಾಕೆ ಮುಚ್ಚಲಿಲ್ಲ ಎಂದು ಕೇಳುವವರಿಗೆ ಒಂದು ಮಾತು. ಸರ್ಕಾರದ ಹಣ ಯಾವ ಖಾತೆಗೆ ಬರಬೇಕು ಎನ್ನುವುದನ್ನು ಫಲಾನುಭವಿ ಆ ಕ್ಷಣದಲ್ಲಿ ಆರಿಸುವುದಿಲ್ಲ. ಆಧಾರ್ ಸಂಖ್ಯೆ ಯಾವ ಬ್ಯಾಂಕಿನ ಜೊತೆ ಜೋಡಣೆಯಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಸಾಮಾನ್ಯವಾಗಿ ಅದು ಕೊನೆಗೆ ಜೋಡಣೆಯಾದ ಖಾತೆ. ಊಟದ ಹಾಲಿನಲ್ಲಿ ಸಹಿ ಹಾಕಿದ ಫಾರಮ್ಮುಗಳಲ್ಲಿ ಒಂದು ಆಧಾರ್ ಜೋಡಣೆಗೆ ಒಪ್ಪಿಗೆಯದೂ ಆಗಿತ್ತು. ಹಾಗಾಗಿ ಸಂಬಳ ನಿಂತ ಮೇಲೂ ಗೃಹಲಕ್ಷ್ಮಿಯ ಎರಡು ಸಾವಿರ ಅದೇ ಖಾತೆಗೆ ಬರುತ್ತಿತ್ತು. (ಆ ಮೂರು ತಿಂಗಳು ಅದು ತಪ್ಪದೆ ಬಂದದ್ದೂ ಒಂದು ವಿಶೇಷವೇ ಅನ್ನಿ.) ಆಕೆಯ ಲೆಕ್ಕದಲ್ಲಿ ಅದು ಇನ್ನೂ ಬಳಕೆಯಲ್ಲಿದ್ದ ಖಾತೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಸಂಬಳದ ಖಾತೆಯಾಗಿ ಉಳಿದಿರಲಿಲ್ಲ.

ಸತತ ಮೂರು ತಿಂಗಳು ಸಂಬಳ ಬರದಿದ್ದರೆ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆ ಎಂದು ಪರಿಗಣಿಸಲಾಗುವುದು ಎಂಬ ಷರತ್ತು ಇಂಥ ಫಾರಮ್ಮುಗಳಲ್ಲಿ ಸಾಮಾನ್ಯ. ಇವಳ ಫಾರಮ್ಮಿನಲ್ಲೂ ಇತ್ತು. ಮೇ, ಜೂನ್, ಜುಲೈ ಮೂರೂ ತಿಂಗಳು ಸಂಬಳವಿಲ್ಲ. ಆಗಸ್ಟ್ ಒಂದರಿಂದ ಕಂಪ್ಯೂಟರು ಖಾತೆಯ ಜಾತಿ ಬದಲಿಸಿತು. ಹೊಸ ಜಾತಿಗೆ ತಿಂಗಳ ಸರಾಸರಿ ಐದು ಸಾವಿರ ಇರಬೇಕು. ಕಮ್ಮಿ ಬಿದ್ದರೆ ಕಮ್ಮಿ ಬಿದ್ದ ಮೊತ್ತದ ನೂರಕ್ಕೆ ಆರು ದಂಡ, ಅದರ ಮೇಲೆ ನೂರಕ್ಕೆ ಹದಿನೆಂಟು ಜಿಎಸ್‌ಟಿ.

ಸರಾಸರಿ ಎಂದರೆ ಪ್ರತಿದಿನ ಸಂಜೆ ಖಾತೆಯಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುವುದು. ಆಗಸ್ಟಿನಲ್ಲಿ ಆಕೆಯ ಖಾತೆಯಲ್ಲಿ 700 ರೂಪಾಯಿ ಇತ್ತು. ನಡುವೆ ಬಂದ ಎರಡು ಸಾವಿರ ಎರಡು ಸಂಜೆ ಅಲ್ಲಿದ್ದು ಹೋಯಿತು. ಸರಾಸರಿ 829 ರೂಪಾಯಿ. ಐದು ಸಾವಿರಕ್ಕೆ 4,171 ಕಮ್ಮಿ. ಅದರ ನೂರಕ್ಕೆ ಆರು 250, ಜಿಎಸ್‌ಟಿ 45, ಒಟ್ಟು 295. ಸೆಪ್ಟೆಂಬರ್ 3ರಂದು ಇದನ್ನು ಕಳೆದ ಮೇಲೆ ಖಾತೆಯಲ್ಲಿ ಉಳಿದದ್ದು 405 ರೂಪಾಯಿ. ಹಾಗಾಗಿ ಸೆಪ್ಟೆಂಬರ್‌ನ ಸರಾಸರಿ ಇನ್ನೂ ಇಳಿಯಿತು, ಕೊರತೆ ಹೆಚ್ಚಿತು, ದಂಡ 315ಕ್ಕೆ ಏರಿತು. ಅಕ್ಟೋಬರ್ 3ರಂದು ಅದೂ ಹೋಗಿ ತೊಂಬತ್ತು ರೂಪಾಯಿ ಉಳಿಯಿತು. ಮುಂದಿನ ದಂಡ 337. ಖಾತೆಯಲ್ಲಿ ಅಷ್ಟು ಇರಲಿಲ್ಲವಾದ್ದರಿಂದ ಅದು ಗೃಹಲಕ್ಷ್ಮಿ ಬರುವವರೆಗೆ ಕಾದು ಕುಳಿತಿತ್ತು. ಅವಳು ಒಂದು ರೂಪಾಯಿಯನ್ನೂ ಹೆಚ್ಚಾಗಿ ಖರ್ಚು ಮಾಡಿರಲಿಲ್ಲ. ದಂಡವೇ ಮುಂದಿನ ದಂಡವನ್ನು ಬೆಳೆಸಿತ್ತು.

ಇಲ್ಲೊಂದು ವಿಪರ್ಯಾಸವಿದೆ. ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು ಎನ್ನುವುದು ಗ್ರಾಹಕರ ರಕ್ಷಣೆಗೆಂದೇ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ. ನೂರು ರೂಪಾಯಿ ಕಮ್ಮಿ ಬಿದ್ದವರಿಗೂ ಪೂರಾ ದಂಡ ಹಾಕುವುದನ್ನು ಅದು ತಪ್ಪಿಸಿತು. ಆದರೆ ಅದೇ ನಿಯಮದ ಇನ್ನೊಂದು ಮಗ್ಗುಲಲ್ಲಿ, ಯಾರ ಖಾತೆ ಹೆಚ್ಚು ಬರಿದೋ ಅವರೇ ಹೆಚ್ಚು ಕೊಡಬೇಕು. ಇನ್ನೂ ಒಂದು ಮಾತು: ಎಷ್ಟು ಬ್ಯಾಲೆನ್ಸ್ ಇರಬೇಕು ಎನ್ನುವುದು ಬಹುತೇಕ ಬ್ಯಾಂಕುಗಳಲ್ಲಿ ಶಾಖೆ ಇರುವ ಊರಿನ ಜನಸಂಖ್ಯೆಯ ಮೇಲೆ ನಿಂತಿದೆಯೇ ಹೊರತು ಖಾತೆದಾರರ ಮನೆ ಎಲ್ಲಿದೆ ಎನ್ನುವುದರ ಮೇಲಲ್ಲ. 2011ರ ಜನಗಣತಿಯಲ್ಲೇ ಲಕ್ಷ ದಾಟಿದ ಹಾಸನ ‘ನಗರ’. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅದಕ್ಕಿಂತ ಕೆಳಗಿನ ‘ಅರೆ ನಗರ’. ಮೊಸಳೆ ಹಳ್ಳಿ. ಕಾರ್ಖಾನೆಯವರು ಖಾತೆ ತೆರೆಸಿದ್ದು ಹಾಸನದಲ್ಲಿ, ಆದ್ದರಿಂದ ಹಳ್ಳಿಯ ಮನೆಯಲ್ಲಿ ಕೂತವಳಿಗೆ ನಗರದ ದರ ಬಿತ್ತು.

ಇದನ್ನೆಲ್ಲ ಹೇಳಿದ್ದು ಅನ್ಯಾಯವೆಂದು ಗೋಳಾಡಲಿಕ್ಕಲ್ಲ. ಈ ಮಾತುಗಳಿಂದ ಹಣ ವಾಪಸು ಬರುವುದಿಲ್ಲ. ದಂಡ ಜಾಸ್ತಿಯಾಯಿತು, ಬಡವರಿಗೆ ತೊಂದರೆ, ಐದು ಸಾವಿರ ಎಲ್ಲಿಂದ ತರುವುದು ಎಂದು ಅರ್ಜಿ ಬರೆದರೆ ಬ್ಯಾಂಕು ಕನಿಕರ ಪಡಬಹುದು, ಪಡದೆಯೂ ಇರಬಹುದು. ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕು ಎನ್ನುವುದು ಬ್ಯಾಂಕುಗಳಿಗೆ ಬಿಟ್ಟದ್ದು ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಸಂಜಯ್ ಮಲ್ಹೋತ್ರಾ 2025ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿಯೇ ಹೇಳಿದರು. ಒಂಬುಡ್ಸ್‌ಮನ್ ಯೋಜನೆಯಲ್ಲೂ ಬ್ಯಾಂಕಿನ ವ್ಯಾವಹಾರಿಕ ತೀರ್ಮಾನಗಳ ವಿರುದ್ಧದ ದೂರುಗಳನ್ನು ಪರಿಗಣಿಸುವುದಿಲ್ಲ. ದರ ಹೆಚ್ಚು ಎಂದು ವಾದಿಸಿದರೆ ಆ ಬಾಗಿಲು ಮೊದಲಿಗೇ ಮುಚ್ಚುತ್ತದೆ.

ತೆರೆದಿರುವ ಬಾಗಿಲು ಬೇರೆ. 2014ರ ನವೆಂಬರ್ 20ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ತಿರುಳು ಹೀಗೆ: ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಕಮ್ಮಿ ಬಿದ್ದಾಗ ಬ್ಯಾಂಕು ಮೊದಲು ಗ್ರಾಹಕರಿಗೆ ಮೆಸೇಜು, ಈಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಕಮ್ಮಿ ಬಿದ್ದಿದೆ, ಒಂದು ತಿಂಗಳೊಳಗೆ ಸರಿಮಾಡದಿದ್ದರೆ ದಂಡ ಬೀಳುತ್ತದೆ ಎಂದು ಹೇಳಬೇಕು. ಆ ನೋಟಿಸಿನಿಂದ ಕನಿಷ್ಠ ಒಂದು ತಿಂಗಳು ಕಳೆದ ಮೇಲೂ ಸರಿಯಾಗದಿದ್ದರೆ ಮಾತ್ರ ದಂಡ ತೆಗೆಯಬಹುದು. ಬರೀ ದಂಡದ ಕಾರಣದಿಂದ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಇದಕ್ಕೂ ಮೊದಲಿನಿಂದಲೇ ಇನ್ನೊಂದು ನಿಯಮವಿತ್ತು: ಮಿನಿಮಮ್ ಬ್ಯಾಲೆನ್ಸಿನಲ್ಲಿ ಬದಲಾವಣೆ ಮಾಡುವುದಾದರೆ ಹಳೆಯ ಖಾತೆದಾರರಿಗೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು.

2014ರ ಸುತ್ತೋಲೆಯಲ್ಲಿ ಒಂದು ಸಣ್ಣ ಮಾತು ಬಹಳ ಮುಖ್ಯ. ಕೊರತೆಯನ್ನು ಅಳೆಯಬೇಕಾದ್ದು ಖಾತೆ ತೆರೆಯುವಾಗ ಒಪ್ಪಿಕೊಂಡ ಮಿನಿಮಮ್ ಬ್ಯಾಲೆನ್ಸಿಗೆ ಹೋಲಿಸಿ. ನಮ್ಮ ಹೆಣ್ಣುಮಗಳು ಖಾತೆ ತೆರೆಯುವಾಗ ಒಪ್ಪಿಕೊಂಡದ್ದು ಎಷ್ಟಕ್ಕೆ? ಸೊನ್ನೆಗೆ. ಬ್ಯಾಂಕಿನವರು ಫಾರಮ್ಮಿನ ಮೂರು ತಿಂಗಳ ಷರತ್ತನ್ನು ತೋರಿಸುತ್ತಾರೆ, ಸಹಿ ನಿಮ್ಮದೇ ಅಲ್ಲವೇ ಎನ್ನುತ್ತಾರೆ. ಹೌದು, ಸಹಿ ಆಕೆಯದೇ. ಷರತ್ತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಷರತ್ತು ಹೇಳುವುದು ಖಾತೆ ಬದಲಾಗಬಹುದು ಎಂದಷ್ಟೇ. ಬದಲಾಯಿತು, ಇಂಥ ದಿನದಿಂದ, ಇನ್ನು ಮುಂದೆ ಐದು ಸಾವಿರ ಇರಬೇಕು ಎನ್ನುವುದು ಬೇರೆ ಸುದ್ದಿ. ಗೊರೂರು ಅಣೆಕಟ್ಟೆ ತುಂಬಿದರೆ ಹೇಮಾವತಿಗೆ ನೀರು ಬಿಡುತ್ತಾರೆ ಎನ್ನುವುದು ಹೊಳೆದಂಡೆಯವರಿಗೆಲ್ಲ ಗೊತ್ತು. ಗೊತ್ತಿದೆಯಲ್ಲ ಎಂದು ಯಾರೂ ಹೇಳದೆ ಕೇಳದೆ ಗೇಟು ಎತ್ತುವುದಿಲ್ಲ. ಇವತ್ತು ಬಿಡುತ್ತಿದ್ದೇವೆ, ದನಕರು ಹೊಳೆಗೆ ಇಳಿಸಬೇಡಿ ಎಂದು ಕೆಳಗಿನ ಊರುಗಳಿಗೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತಾರೆ.

ಈಗ ಪಾಸ್‌ಬುಕ್ಕನ್ನು ಮತ್ತೊಮ್ಮೆ ನೋಡಿ. ಖಾತೆ ಬದಲಾದದ್ದು ಆಗಸ್ಟ್ 1. ಸರಾಸರಿ ಕಮ್ಮಿ ಬಿದ್ದಿದೆ ಎಂದು ತಿಳಿಯುವುದು ತಿಂಗಳು ಮುಗಿದಾಗ, ಅಂದರೆ ಆಗಸ್ಟ್ 31ಕ್ಕೆ. ಅವತ್ತೇ ನೋಟಿಸು ಕಳಿಸಿದ್ದರೂ ತಿಂಗಳು ತುಂಬುವುದು ಸೆಪ್ಟೆಂಬರ್ ಕೊನೆಗೆ. ಆದರೆ ದಂಡ ಕಳೆದಿರುವುದು ಸೆಪ್ಟೆಂಬರ್ 3ಕ್ಕೆ. ಮೂರೇ ದಿನಕ್ಕೆ. ಬ್ಯಾಂಕಿನ ಬೇರೆ ಯಾವ ಕಾಗದವನ್ನೂ ನೋಡದೆ, ಅವರೇ ಪ್ರಿಂಟ್ ಹಾಕಿಕೊಟ್ಟ ಪುಟದ ಎರಡು ತಾರೀಖುಗಳಿಂದಲೇ ಮೊದಲ ದಂಡ ನಿಯಮಕ್ಕೆ ಹೊರಗಿನದು ಎಂದು ತೋರಿಸಬಹುದು. ನಿಮ್ಮ ಮನೆಯಲ್ಲಿ ಇಂಥ ಪಾಸ್‌ಬುಕ್ ಇದ್ದರೆ ನೋಡಬೇಕಾದ್ದೂ ಇದನ್ನೇ: ಕೊನೆಯ ಸಂಬಳ ಬಂದ ದಿನ, ಮೊದಲ ದಂಡ ಬಿದ್ದ ದಿನ, ಇವೆರಡರ ನಡುವೆ ಫೋನಿಗೆ ಬಂದ ಮೆಸೇಜು. ಎರಡನೆಯ, ಮೂರನೆಯ ದಂಡಗಳ ವಿಷಯದಲ್ಲಿ ವಾದ ಇಷ್ಟು ಸಲೀಸಲ್ಲ. ಸೆಪ್ಟೆಂಬರ್ ಮೊದಲಲ್ಲಿ ಮೆಸೇಜು ಕಳಿಸಿದ್ದೆವು, ಅದೇ ನೋಟಿಸು ಎಂದು ಬ್ಯಾಂಕು ಹೇಳಬಹುದು. ಹಾಗಿದ್ದರೆ ಅದನ್ನು ತೋರಿಸಬೇಕು: ಯಾವ ದಿನ, ಯಾವ ನಂಬರಿಗೆ, ಏನೆಂದು. ‘ದಂಡ ಕಳೆಯಲಾಗಿದೆ’ ಎಂಬ ಮೆಸೇಜು ನೋಟಿಸಾಗುವುದಿಲ್ಲ. ಅದು ಕಳೆದ ಮೇಲಿನ ಸುದ್ದಿ.

ಹೀಗೆಂದು ಎಲ್ಲ ಅರ್ಜಿಯೂ ಗೆಲ್ಲುತ್ತದೆ ಎಂದುಕೊಳ್ಳಬಾರದು. ಫೋನ್ ನಂಬರು ಬದಲಿಸಿ ಬ್ಯಾಂಕಿಗೆ ತಿಳಿಸದಿದ್ದವರ ವಾದ ಸೋಲುವ ಸಂಭವ ಹೆಚ್ಚು. ಹಳೆಯ ನಂಬರಿಗೆ ಮೆಸೇಜು ಹೋಗಿದ್ದರೆ ಬ್ಯಾಂಕು ತನ್ನ ಕೆಲಸ ಮಾಡಿದಂತೆಯೇ. ಕೆಲಸ ಬಿಟ್ಟ ಹುಡುಗರು ಸಿಮ್ಮನ್ನೂ ಬಿಸಾಡುವುದು ನಮ್ಮ ಕಡೆ ಮಾಮೂಲು, ಇಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಹಳೆಯ ದಂಡಗಳನ್ನೆಲ್ಲ ಕೇಳಹೊರಟರೂ ಕಷ್ಟ. ಎರಡು ವರ್ಷ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ಇಲ್ಲದೆ ನಿಷ್ಕ್ರಿಯವಾದ ಖಾತೆಯ ಕಥೆ ಮಾತ್ರ ಬೇರೆ. ಅಂಥದ್ದಕ್ಕೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವುದನ್ನೇ ರಿಸರ್ವ್ ಬ್ಯಾಂಕ್ 2014ರ ಮೇ ತಿಂಗಳಿಂದ ನಿಷೇಧಿಸಿದೆ.

ಶಾಖೆಯಲ್ಲಿ ನಮಗೆ ಸಿಕ್ಕ ಮೊದಲ ಉತ್ತರ ಎಲ್ಲರಿಗೂ ಸಿಗುವಂಥದ್ದೇ. “ಅದು ಸಿಸ್ಟಮ್ಮೇ ತೆಗೆಯೋದಮ್ಮ, ನಮ್ಮ ಕೈಲಿಲ್ಲ.” ಕೌಂಟರಿನಲ್ಲಿದ್ದ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ತೆಗೆಯುವುದು ಕಂಪ್ಯೂಟರೇ. ಆದರೆ ರಿವರ್ಸ್ ಮಾಡುವುದು ಮನುಷ್ಯರು. ಸ್ವಲ್ಪ ಹೊತ್ತು ಕೂತ ಮೇಲೆ ಮ್ಯಾನೇಜರು ಒಳಗೆ ಕರೆದರು. “ಒಂದು ತಿಂಗಳದ್ದು ಬೇಕಾದರೆ ಮಾಡಿಕೊಡೋಣ, ನಮ್ಮ ಕಡೆಯಿಂದ” ಎಂದರು. ಒಳ್ಳೆಯ ಮನುಷ್ಯ. ಆದರೆ ‘ನಮ್ಮ ಕಡೆಯಿಂದ’ ಎನ್ನುವ ಮಾತೇ ಎಡವಟ್ಟು. ದಯೆಯಿಂದ ಕೊಟ್ಟದ್ದು ಅಲ್ಲಿಗೇ ಮುಗಿಯುತ್ತದೆ, ಉಳಿದ ಎರಡನ್ನು ಕೇಳಿದರೆ ಕೊಟ್ಟಷ್ಟಕ್ಕೆ ತೃಪ್ತಿಯಿಲ್ಲ ಎಂದಾಗುತ್ತದೆ. ಖಾತೆಯ ಹೊಸ ಜಾತಿ ಹಾಗೆಯೇ ಉಳಿದಿರುವುದರಿಂದ ಮುಂದಿನ ತಿಂಗಳು ಮತ್ತೆ ದಂಡ ಬಂದೇ ಬರುತ್ತದೆ. ಹಾಗಾಗಿ ಅರ್ಜಿಯಲ್ಲಿ ಎರಡು ಕೋರಿಕೆ ಇರಬೇಕು, ಹೋದದ್ದರ ಬಗ್ಗೆ ಒಂದು, ಮುಂದಿನದರ ಬಗ್ಗೆ ಒಂದು. ನಾವು ಬರೆದುಕೊಟ್ಟದ್ದು ಇಷ್ಟು:

“ನನ್ನ ಮೇಲ್ಕಂಡ ಖಾತೆಯನ್ನು ಮಿನಿಮಮ್ ಬ್ಯಾಲೆನ್ಸ್ ಇಲ್ಲದ ಸಂಬಳದ ಖಾತೆಯಾಗಿ ತೆರೆಯಲಾಗಿತ್ತು. ಇದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿದ್ದನ್ನಾಗಲಿ, ಬ್ಯಾಲೆನ್ಸ್ ಕಮ್ಮಿ ಬಿದ್ದದ್ದನ್ನಾಗಲಿ ದಂಡಕ್ಕೆ ಒಂದು ತಿಂಗಳು ಮೊದಲು ನನಗೆ ತಿಳಿಸಿಲ್ಲ. ತಿಳಿಸಿದ್ದರೆ ಆ ನೋಟಿಸಿನ ದಿನಾಂಕ, ಕಳಿಸಿದ ನಂಬರು ಮತ್ತು ಒಕ್ಕಣೆಯನ್ನು ಕೊಡಿ. ಇಲ್ಲದಿದ್ದರೆ 2014ರ ನವೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಮೂರು ಸಲ ಕಳೆದಿರುವ ಒಟ್ಟು 947 ರೂಪಾಯಿಯನ್ನು ಜಿಎಸ್‌ಟಿ ಸಹಿತ ವಾಪಸು ಜಮಾ ಮಾಡಿ. ಈ ಖಾತೆಯನ್ನು ಇಂದಿನಿಂದಲೇ ಮೂಲ ಉಳಿತಾಯ ಖಾತೆಯಾಗಿ ಬದಲಿಸಿ.”

ಎರಡು ಪ್ರತಿ. ಒಂದಕ್ಕೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿ ಇಟ್ಟುಕೊಂಡೆವು. ಮೊಹರು ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಅರ್ಜಿಯ ಕೊನೆಯ ಸಾಲಿನಲ್ಲಿರುವ ಮೂಲ ಉಳಿತಾಯ ಖಾತೆಗೆ ಯಾವ ಮಿನಿಮಮ್ ಬ್ಯಾಲೆನ್ಸೂ ಇಲ್ಲ. 2012ರಿಂದ ಪ್ರತಿ ಬ್ಯಾಂಕೂ ಎಲ್ಲರಿಗೂ ಕೊಡಬೇಕಾದ ಸೌಲಭ್ಯವಿದು. ಉಚಿತವಾಗಿ ಹಣ ತೆಗೆಯುವುದಕ್ಕೆ ತಿಂಗಳಿಗೆ ನಾಲ್ಕು ಸಲವೆಂಬ ಮಿತಿ ಇರಬಹುದು, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಗೃಹಲಕ್ಷ್ಮಿ ಬಂದ ದಿನ ಒಮ್ಮೆ ಹೋಗಿ ತರುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಇಂಥ ಖಾತೆಯೊಂದಿದೆ ಎಂದು ಕೆಲಸ ಬಿಟ್ಟವರಿಗೆ ಬ್ಯಾಂಕಿನವರು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಸುತ್ತೋಲೆಯ ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. 2025ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಸಾವಿರಾರು ಹಳೆಯ ಸುತ್ತೋಲೆಗಳನ್ನು 244 ನಿರ್ದೇಶನಗಳಾಗಿ ಒಟ್ಟುಗೂಡಿಸಿತು. ಆಮೇಲಿನ ದಂಡಗಳ ಬಗ್ಗೆ ಬರೆಯುವವರು ಹಳೆಯ ದಿನಾಂಕವನ್ನೊಂದೇ ನೆಚ್ಚದೆ, ಒಂದು ತಿಂಗಳ ನೋಟಿಸು ಬೇಕೆಂಬ ತಿರುಳನ್ನು ಮಾತುಗಳಲ್ಲೇ ಬರೆಯುವುದು ಒಳ್ಳೆಯದು.

ಮೂವತ್ತು ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ, ವಕೀಲರು ಬೇಡ. cms.rbi.org.in ಎಂಬಲ್ಲಿ ದಾಖಲಿಸಬಹುದು. 14448ಕ್ಕೆ ಫೋನು ಮಾಡಿದರೆ ಕನ್ನಡದಲ್ಲೂ ವಿವರ ಹೇಳುತ್ತಾರೆ. ಮೊದಲು ಬ್ಯಾಂಕಿಗೆ ಬರೆಯದೆ ನೇರವಾಗಿ ಇಲ್ಲಿಗೆ ಹೋದರೆ ದೂರು ವಾಪಸು ಬರುತ್ತದೆ. ಮೊಹರಿನ ಪ್ರತಿ ಬೇಕಾಗುವುದು ಇಲ್ಲಿಯೇ. ದೂರಿನಲ್ಲೂ ಬಡತನದ ಮಾತು ಬೇಡ, ದರದ ಮಾತು ಬೇಡ. ನೋಟಿಸು ಕೊಡದೆ ದಂಡ ತೆಗೆದದ್ದು ಸೇವೆಯ ಲೋಪ, ಅಷ್ಟೇ ಸಾಕು.

ಖಾತೆ ನಡೆಸಲು ಬ್ಯಾಂಕಿಗೂ ಖರ್ಚಿದೆಯಲ್ಲ ಎನ್ನುವವರಿದ್ದಾರೆ. ಇದೆ, ಪುಕ್ಕಟೆ ಯಾವುದೂ ನಡೆಯುವುದಿಲ್ಲ. ಆದರೆ ಆ ಖರ್ಚನ್ನು ಹೀಗೇ ತುಂಬಿಸಿಕೊಳ್ಳಬೇಕೆಂದಿಲ್ಲ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ಈ ದಂಡ ಕೈಬಿಟ್ಟಿತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಸಂಬಳದ ಖಾತೆಗಳೂ ಸೇರಿ ಎಲ್ಲ ಉಳಿತಾಯ ಖಾತೆಗಳಿಗೆ ಕೈಬಿಟ್ಟಿತು. ಅದರ ಹಿಂದೆಯೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಬಂದವು. ಅದಕ್ಕೆ ಮುಂಚಿನ ಲೆಕ್ಕವೂ ಸಣ್ಣದಲ್ಲ: 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಇದರಿಂದ ಸುಮಾರು 8,500 ಕೋಟಿ ರೂಪಾಯಿ ಪಡೆದಿವೆ ಎಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿತ್ತು. ಇನ್ನು ಮುಂದೆ ದಂಡವಿಲ್ಲ ಎಂದು ಬ್ಯಾಂಕು ಪ್ರಕಟಿಸಿದ ಮಾತ್ರಕ್ಕೆ ಹಿಂದೆ ತೆಗೆದದ್ದು ತಾನಾಗಿ ಹಿಂದಿರುಗುವುದಿಲ್ಲ. ಬಹುತೇಕ ಖಾಸಗಿ ಬ್ಯಾಂಕುಗಳಲ್ಲಿ ದಂಡ ಈಗಲೂ ಇದೆ, ಕಾರ್ಖಾನೆ ಕಂಪನಿಗಳ ಸಂಬಳದ ಖಾತೆಗಳಿಗಾಗಿ ಪೈಪೋಟಿ ಮಾಡುವವರೂ ಅವರೇ.

ನನ್ನ ಮಟ್ಟಿಗೆ, ಸಂಬಳ ನಿಂತ ಖಾತೆಯನ್ನು ಗ್ರಾಹಕರು ಬಾಯಿಬಿಟ್ಟು ಒಪ್ಪುವವರೆಗೆ ದಂಡದ ವರ್ಗಕ್ಕೆ ಸೇರಿಸಲೇಬಾರದು. ಉತ್ತರ ಬರದಿದ್ದರೆ ಅದು ಮೂಲ ಉಳಿತಾಯ ಖಾತೆಯಾಗಬೇಕು. ಕಂಪ್ಯೂಟರಿಗೆ ಒಂದು ಕಡೆಗೆ ಬದಲಿಸಲು ಬರುತ್ತದೆಂದರೆ ಇನ್ನೊಂದು ಕಡೆಗೂ ಬರುತ್ತದೆ. ಬ್ಯಾಂಕನ್ನು ಆರಿಸಿದ್ದು ಕಾರ್ಖಾನೆ, ಖಾತೆಯ ಬಗೆಯನ್ನು ಆರಿಸಿದ್ದು ಬ್ಯಾಂಕು. ಈ ಇಬ್ಬರ ನಡುವೆ ಸಹಿ ಮಾತ್ರ ಹಾಕಿದವಳ ಮೌನವನ್ನು ಒಪ್ಪಿಗೆ ಎಂದು ಎಣಿಸುವುದು ಸರಿಯಲ್ಲ.

ಅರ್ಜಿ ಕೊಟ್ಟ ಇಪ್ಪತ್ತೆರಡನೆಯ ದಿನ ಆಕೆಯ ಖಾತೆಗೆ 295, 315, 337 ಎಂದು ಮೂರು ಜಮಾಗಳು ಒಂದರ ಕೆಳಗೊಂದು ಬಂದು ಕೂತವು. ಖಾತೆಯ ಬಗೆಯೂ ಬದಲಾಯಿತು. ನೋಟಿಸಿನ ದಿನಾಂಕ ಕೊಡಿ ಎಂದು ಕೇಳಿದ್ದಕ್ಕೆ ಮಾತ್ರ ಇವತ್ತಿನವರೆಗೆ ಉತ್ತರ ಬಂದಿಲ್ಲ.